ಗುಬ್ಬಕ್ಕನ ಬಾಗಿಲು ಇಂಗ್ಲಿಷಿನಲ್ಲಿ ತಟ್ಟುವುದು ಹೇಗೆ

"ಅಜ್ಜಿ ಹೇಳುತ್ತಿದ್ದ ಕಾಗಕ್ಕ-ಗುಬ್ಬಕ್ಕನ ಕತೆಯನ್ನು ಡಲ್ಲಾಸ್‌ನಲ್ಲಿರುವ ಅಣ್ಣನ ಮಕ್ಕಳಿಗೆ ಇಂಗ್ಲಿಷಿನಲ್ಲಿ ಬರೆದು ಮೇಲೆ ಹಾಕಿದ್ದೇನೆ. ಕತೆ ಪೂರ್ತಿ ಇದೆ, ಆದರೂ ಓದಿದರೆ ಸಪ್ಪೆ. ಕೊನೆಗೆ ಒಂದು ನೀತಿ ಬರೆದಿದ್ದೇನೆ, ಅದು ಬೇಕಾ?"

ನೀವು ಹಾಕಿದ್ದನ್ನು ಜೋರಾಗಿ ಓದಿ ನೋಡಿದೆ ಮೇಡಂ. ಸಪ್ಪೆಯಾಗಿರುವುದು ಬಾಗಿಲ ಹತ್ತಿರ. ಸಗಣಿ ಮನೆ ಕೊಚ್ಚಿ ಹೋಗಿ ಕಾಗಕ್ಕ ನೆನೆದುಕೊಂಡು ಬರುತ್ತಾಳೆ, ಕರೆಯುತ್ತಾಳೆ, ಗುಬ್ಬಕ್ಕ ತಾಳು ಅನ್ನುತ್ತಾಳೆ. ಅಲ್ಲಿಂದ ಮುಂದೆ ನೀವು "ಗುಬ್ಬಿ ಹೀಗೇ ಒಂದಾದ ಮೇಲೊಂದು ನೆಪ ಹೇಳಿತು" ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಮಕ್ಕಳು ಕಾಯುವುದೇ ಆ ಕರೆ-ಉತ್ತರಕ್ಕೆ ಅಲ್ವಾ? ಎಲ್ಲವನ್ನೂ ವಾಪಸ್ ತನ್ನಿ. ಎಣ್ಣೆ, ನೀರು, ಹಾಲು, ತೊಟ್ಟಿಲು, ನಾಲ್ಕು ಸುತ್ತು ಸಾಕು.

ಈಗ ಲಯ. "ಗುಬ್ಬಕ್ಕ ಗುಬ್ಬಕ್ಕ ಬಾಗಿಲು ತೆಗಿ" ಅಂತ ಚಪ್ಪಾಳೆ ತಟ್ಟಿ ಹೇಳಿ, ನಾಲ್ಕು ಪೆಟ್ಟು ಬೀಳುತ್ತದೆ. ನಿಮ್ಮ "ಡಿಯರ್ ಸಿಸ್ಟರ್ ಸ್ಪ್ಯಾರೋ, ವುಡ್ ಯು ಪ್ಲೀಸ್ ಓಪನ್ ದ ಡೋರ್ ಫಾರ್ ಮಿ" ತಟ್ಟಿ ನೋಡಿ, ಕೈ ಎಲ್ಲಿ ಬೀಳಬೇಕು ಅಂತಲೇ ತಿಳಿಯುವುದಿಲ್ಲ. ಜೊತೆಗೆ ಸಾಲು "ಮಿ" ಅಂತ ಸಣ್ಣಗೆ ಮುಗಿಯುತ್ತದೆ. "ಗುಬ್ಬಕ್ಕ, ಗುಬ್ಬಕ್ಕ, ಓಪನ್ ದ ಡೋರ್" ಅನ್ನಿ. ಪೆಟ್ಟು ನಾಲ್ಕೇ, ಕೊನೆಯದು "ಡೋರ್" ಮೇಲೆ ಗಟ್ಟಿಯಾಗಿ ಬೀಳುತ್ತದೆ, ಮಗು ಕೂಗಿ ಹೇಳಬಹುದು. ಹೆಸರು ಹಾಗೇ ಇರಲಿ, ಆ ಮಕ್ಕಳಿಗೆ ಅಕ್ಕ ಅಂದರೆ ಏನು ಅಂತ ಮನೆಯಲ್ಲೇ ಗೊತ್ತಿರುತ್ತದೆ.

ಉತ್ತರಕ್ಕೂ ಒಂದೇ ಅಚ್ಚು: "ವೇಟ್ ಎ ಬಿಟ್, ವೇಟ್ ಎ ಬಿಟ್, ಬೇಬಿ ನೀಡ್ಸ್ ಆಯಿಲ್." ಮುಂದಿನ ಸಲ "ಎ ಬಾತ್", ಆಮೇಲೆ "ಮಿಲ್ಕ್", ಆಮೇಲೆ "ಬೆಡ್". ಕೊನೆಯ ಮಾತು ಬಿಟ್ಟು ಬೇರೇನೂ ಬದಲಾಗಬಾರದು. ಮೂರನೇ ಸಲ ನೀವು "ಬೇಬಿ ನೀಡ್ಸ್" ಅಂತ ನಿಲ್ಲಿಸಿದರೆ ಮಗುವೇ ಏನಾದರೂ ಹೇಳಬೇಕು. ಹೇಳಲಿಲ್ಲ ಅಂದರೆ ಅಚ್ಚು ಎಲ್ಲೋ ಬದಲಾಗಿದೆ ಅಂತ ಲೆಕ್ಕ. ಕೂಸಿಗೆ ಎಣ್ಣೆ ಯಾಕೆ ಅಂತ ಕೇಳುತ್ತಾರೆ ಎನ್ನುವ ಭಯ ಇದ್ದರೆ, ಕರೆ ಶುರುವಾಗುವ ಮೊದಲೇ ಆವತ್ತು ಗುಬ್ಬಕ್ಕನ ಮನೆಯಲ್ಲಿ ಎಣ್ಣೆಸ್ನಾನ ಅಂತ ಒಂದು ಸಾಲು ಸೇರಿಸಿ. ನಡುವೆ ವಿವರಣೆ ತುರುಕಿದರೆ ಪೆಟ್ಟು ತಪ್ಪುತ್ತದೆ.

ಸುತ್ತು ಸುತ್ತಿಗೂ ಮಳೆ ಜಾಸ್ತಿ ಆಗಬೇಕು, ಕಾಗಕ್ಕನ ದನಿ ಇಳಿಯಬೇಕು. ಅದಕ್ಕೆ "ಸೆಡ್ ವೀಕ್ಲಿ" ಅಂತ ಬರೆಯಬೇಡಿ. ನಾಲ್ಕನೇ ಸಲ ಕರೆಯನ್ನೇ ಮುರಿಯಿರಿ: "ಗುಬ್ಬಕ್ಕ... ಡೋರ್." ಇಡೀ ಕತೆಯಲ್ಲಿ ಅದೊಂದೇ ಕಡೆ ಮುರಿದರೆ ಚಳಿ ತಾನಾಗಿ ಗೊತ್ತಾಗುತ್ತದೆ. ಮಳೆಯ "ಧೋ ಧೋ" ಮತ್ತು ರಾತ್ರಿ ಕಡಲೆ ಅಗಿಯುವ "ಕಟುಂ ಕಟುಂ" ಹಾಗೇ ಬಿಡಿ. ನೀವು ಬರೆದ "ಕ್ರಂಚಿಂಗ್ ಸೌಂಡ್" ಅನ್ನುವುದರಲ್ಲಿ ಸದ್ದೇ ಇಲ್ಲ.

ಮೇಲೆ ಸರ್ ಒಬ್ಬರು ಪ್ರಾಸ ಬೇಕೇ ಬೇಕು ಅಂತ "ಡೋರ್"ಗೆ "ಪೋರ್", "ಫ್ಲೋರ್" ಜೋಡಿಸಿ ಕೊಟ್ಟಿದ್ದಾರೆ. ಅವರ ಮಾತು ಅರ್ಧ ಸರಿ. ಕಿವಿಗೆ ಏನೋ ಹಿಡಿತ ಬೇಕು ನಿಜ. ಆದರೆ ಕನ್ನಡದಲ್ಲಿ ಈ ಕತೆ ಸಾಲಿನ ಕೊನೆಯ ಪ್ರಾಸದ ಮೇಲೆ ನಿಂತಿಲ್ಲ, ಮತ್ತೆ ಮತ್ತೆ ಬರುವ ಮಾತಿನ ಮೇಲೆ ನಿಂತಿದೆ. ಪ್ರಾಸದ ಹಿಂದೆ ಹೋದರೆ ಕತೆಯಲ್ಲಿ ಇಲ್ಲದ್ದೆಲ್ಲ ಒಳಗೆ ಬರುತ್ತದೆ, ಅವರ ಪದ್ಯದಲ್ಲಿ "ಸ್ಟೋರ್" ಬಂದ ಹಾಗೆ. ಬೇಬಿ, ಬಾತ್, ಬೆಡ್ ಅಂತ ಬಕಾರ ತಾನಾಗಿ ಬಂದಿದೆಯಲ್ಲ, ಅಷ್ಟು ಸಾಕು. ಮೊದಲು ಮಕ್ಕಳಿಗೆ ಕನ್ನಡ ಕಲಿಸಿ ಅಂದವರಿಗೆ: ಕಲಿಸಲಿ, ಆದರೆ ಇವರು ಕೇಳಿದ್ದು ಬೇರೆ.

ನೀತಿ ವಿಷಯ. ನಿಮ್ಮ ಅಜ್ಜಿಯ ಕತೆಯಲ್ಲಿ ಕಾಗಕ್ಕ ಒಳಗೆ ಬಂದು ರಾತ್ರಿಯೆಲ್ಲ ಕಡಲೆ ಚೀಲ ಖಾಲಿ ಮಾಡುತ್ತಾಳೆ. ಏನದು ಸದ್ದು ಅಂದರೆ ಅಡಿಕೆ ಚೂರು ಅನ್ನುತ್ತಾಳೆ. ನೀವು ಕೊನೆಗೆ "ಡೋಂಟ್ ಟ್ರಸ್ಟ್ ಸ್ಟ್ರೇಂಜರ್ಸ್" ಅಂತ ಬರೆದಿದ್ದೀರಿ. ಕಾಗಕ್ಕ ಅಪರಿಚಿತಳಲ್ಲ, ಪಕ್ಕದ ಮನೆಯವಳು. ಆ ಸಾಲು ತೆಗೆದುಬಿಡಿ. ಅಜ್ಜಿ "ಮತ್ತೆ ಮಳೆ ಬಂತು, ಮತ್ತೆ ಬಾಗಿಲು ತಟ್ಟಿದಳು" ಅಂತ ನಿಲ್ಲಿಸುತ್ತಿದ್ದರು ಅಂತ ನೀವೇ ಕಾಮೆಂಟಿನಲ್ಲಿ ಹೇಳಿದ್ದೀರಿ, ಬರಹದಲ್ಲಿ ಮಾತ್ರ ಬಿಟ್ಟಿದ್ದೀರಿ. ನೀತಿ ಇರುವುದೇ ಅಲ್ಲಿ! ಅದೇ ನಾಲ್ಕು ಪೆಟ್ಟಿನ ಕರೆ ಇನ್ನೊಮ್ಮೆ ಬರಲಿ. ಈ ಸಲ "ವೇಟ್ ಎ ಬಿಟ್" ಅಂದಾಗ ಅದು ಕೂಸಿಗಾಗಿ ಹೇಳಿದ್ದಲ್ಲ ಅಂತ ಐದು ವರ್ಷದ ಮಗುವಿಗೂ ತಿಳಿಯುತ್ತದೆ.

ಇಷ್ಟು ಹೊತ್ತು ಮಳೆಯಲ್ಲಿ ನಿಲ್ಲಿಸಿದ್ದು ಗುಬ್ಬಕ್ಕನದೇ ತಪ್ಪು ಅಂತ ಕಾಮೆಂಟಿನಲ್ಲಿ ಬೆಳಗಾವಿಯವರೊಬ್ಬರು ವಾದ ಹೂಡಿದ್ದಾರೆ. ಅವರು ಕೇಳಿದ್ದು ಮರಾಠಿಯ ಹಾಗೆ ಗುಬ್ಬಿಗೆ ಮೇಣದ ಮನೆ ಇರುವ ಕತೆ. ಅವರ ಮಾತನ್ನು ತಳ್ಳಿಹಾಕಲು ನನಗೂ ಆಗುತ್ತಿಲ್ಲ. ಅದಕ್ಕೇ ಕತೆಯಲ್ಲಿ ಯಾರನ್ನೂ ಒಳ್ಳೆಯವಳು, ಕೆಟ್ಟವಳು ಅಂತ ಕರೆಯಬೇಡಿ, ತೀರ್ಮಾನ ಮಕ್ಕಳಿಗೇ ಬಿಡಿ.

ತಿದ್ದಿದ ಮೇಲೆ ವಿಡಿಯೋ ಕಾಲ್‌ನಲ್ಲಿ ಓದಿ. ನಾಲಿಗೆ ತೊಡರಿದ ಕಡೆಯೆಲ್ಲ ಒಂದೊಂದು ಮಾತು ಜಾಸ್ತಿ ಇರುತ್ತದೆ, ಕತ್ತರಿಸಿ. ಬಾಗಿಲ ಭಾಗವನ್ನು ಇಲ್ಲೇ ಇನ್ನೊಮ್ಮೆ ಹಾಕಿ, ನೋಡೋಣ.