ಗೋಡೆಯ ಆರ್-ಮೌಲ್ಯ: 13 ದೊಡ್ಡದೋ, 1.67 ದೊಡ್ಡದೋ?

«ಮಡಿಕೇರಿಯಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಅಮೆರಿಕದ ಗಾಜಿನ ಉಣ್ಣೆಯ ಮೇಲೆ ಆರ್-13 ಎಂದಿದೆ, ಇಲ್ಲಿನ 50 ಮಿ.ಮೀ. ಫೋಮ್ ಹಲಗೆಯ ಮೇಲೆ 1.67 ಎಂದಿದೆ. ಹಲಗೆ ಅಷ್ಟೊಂದು ಕಳಪೆಯೇ?»

ಅಲ್ಲ ಸರ್. ಆರ್-ಮೌಲ್ಯವೆಂದರೆ ವಸ್ತು ಶಾಖವನ್ನು ಎಷ್ಟು ತಡೆಯುತ್ತದೆ ಎಂಬುದರ ಅಂಕಿ, ಹೆಚ್ಚಿದ್ದಷ್ಟೂ ಒಳ್ಳೆಯದು. ಆದರೆ ಇಲ್ಲಿ ಎರಡರ ಅಳತೆಗೋಲೇ ಬೇರೆ. ಅಮೆರಿಕದವರು ಚದರ ಅಡಿ, ಫ್ಯಾರನ್‌ಹೀಟ್, ಶಾಖಕ್ಕೆ ಬಿಟಿಯು ಎಂಬ ಏಕಮಾನದ ಲೆಕ್ಕ ಹಿಡಿಯುತ್ತಾರೆ. ಹಲಗೆಯ ಮೇಲಿರುವುದು ಮೆಟ್ರಿಕ್, ಅಂದರೆ m²·K/W. ಅಮೆರಿಕದ ಅಂಕಿಯನ್ನು 5.678ರಿಂದ ಭಾಗಿಸಿದರೆ ಮೆಟ್ರಿಕ್ ಸಿಗುತ್ತದೆ.

13 ÷ 5.678 = 2.29

ಹೋಲಿಸಬೇಕಾದದ್ದು 2.29 ಮತ್ತು 1.67. ಉಣ್ಣೆಯೇ ಮುಂದಿದೆ, ಆದರೆ ಎಂಟು ಪಟ್ಟಲ್ಲ, ಒಂದೂವರೆ ಪಟ್ಟೂ ಇಲ್ಲ. ಇನ್ನು ದಪ್ಪ ನೋಡಿ: ಆರ್-13 ಉಣ್ಣೆ ಸುಮಾರು 90 ಮಿ.ಮೀ. ಇರುತ್ತದೆ. ಹಲಗೆಯನ್ನೂ ಅಷ್ಟೇ ದಪ್ಪ ಹಾಕಿದರೆ 1.67 × 90 ÷ 50, ಅಂದರೆ ಸುಮಾರು 3. ಅಲ್ಲಿಗೆ ಹಲಗೆಯೇ ಗೆಲ್ಲುತ್ತದೆ.

ನಾನು ಒಮ್ಮೆ ಎಡವಿದ್ದು ಬೇರೆ ಕಡೆ. ಒಂದು ಪಟ್ಟಿಯಲ್ಲಿದ್ದ 0.6 ಅನ್ನು ಮೆಟ್ರಿಕ್ ಆರ್ ಎಂದುಕೊಂಡು, ಅಮೆರಿಕದ ಅಂಕಿಗೆ ತರಲು 5.678ರಿಂದ ಗುಣಿಸಿಬಿಟ್ಟೆ. ಅದು ಯು-ಮೌಲ್ಯವಾಗಿತ್ತು, ಆರ್‌ನ ತಲೆಕೆಳಗು. ಮೊದಲು 1 ÷ 0.6 ಮಾಡಿ 1.67 ಪಡೆಯಬೇಕಿತ್ತು. ಏಕಮಾನದಲ್ಲಿ W ಮೇಲಿದ್ದರೆ ಅದು ಯು, ಕೆಳಗಿದ್ದರೆ ಆರ್.

ಈ ಅಂಕಿಗಳೆಲ್ಲ ಒಣಗಿದ ವಸ್ತುವಿನವು. ನಮ್ಮ ಜೂನ್-ಜುಲೈ ಮಳೆಯಲ್ಲಿ ಗೋಡೆ ತಿಂಗಳುಗಟ್ಟಲೆ ತೇವ ಹಿಡಿದಿರುತ್ತದೆ. ಉಣ್ಣೆಗೆ ನೀರು ಇಳಿದರೆ ಅದರೊಳಗಿನ ಗಾಳಿಯ ಜಾಗವನ್ನು ನೀರು ತುಂಬುತ್ತದೆ, ಆ 2.29 ಉಳಿಯುವುದಿಲ್ಲ. ಹೊರಗೋಡೆಗಾದರೆ ನಾನು ಹಲಗೆಯನ್ನೇ ಹಾಕಿಸುತ್ತೇನೆ.