ಹೊಸ್ತಿಲಿನಲ್ಲಿ ತಪ್ಪಿದ ಟೇಕ್

"ಕಿರುಚಿತ್ರದ ನಾಲ್ಕು ನಿಮಿಷದ ದೃಶ್ಯವನ್ನು ಕಟ್ ಇಲ್ಲದೆ ಒಂದೇ ಟೇಕ್‌ನಲ್ಲಿ ತೆಗೆಯಬೇಕು. ಸಂಭಾಷಣೆ ಬದಲಿಸುವುದಿಲ್ಲ. ನಟರಿಗೆ ಎಷ್ಟು ದಿನ ಬಾಯಿಪಾಠ ಮಾಡಿಸಬೇಕು?"

ಶಿರಸಿ ಹತ್ತಿರದ ಹಳೆಯ ಮನೆಯೊಂದರಲ್ಲಿ ನಾನೂ ಸಂಭಾಷಣೆ ಬದಲಿಸದೆಯೇ ಹೊರಟಿದ್ದೆ. ತಾಯಿ ಮತ್ತು ಮಗ ಅಡುಗೆಮನೆಯಲ್ಲಿ ಮಾತಾಡುತ್ತಾರೆ, ತಾಯಿ ಮುಂದಾಗಿ ಜಗಲಿಗೆ ಹೋಗುತ್ತಾಳೆ, ಹಿಂದೆ ಬಂದ ಮಗ ಹೊಸ್ತಿಲಲ್ಲಿ ನಿಂತು "ಆಯಿ, ತೋಟ ಕೊಟ್ಟಾತು" ಎನ್ನುತ್ತಾನೆ. ನಟರಿಗೆ ಮಾತು ಹತ್ತು ದಿನದಲ್ಲಿ ಕರತಲಾಮಲಕವಾಗಿತ್ತು. ಆದರೂ ಒಂದು ಸಂಜೆಯ ಬೆಳಕಿನಲ್ಲಿ ಸಿಕ್ಕ ಮೂರು ಟೇಕ್‌ಗಳೂ ಹಾಳಾದವು, ಮೂರೂ ಅದೇ ಹೊಸ್ತಿಲಿನಲ್ಲಿ.

ತಪ್ಪು ನನ್ನ ಬರವಣಿಗೆಯದು. ಆ ಮಾತನ್ನು ನಾನು ಕಟ್‌ಗಾಗಿ ಬರೆದಿದ್ದೆ, ಅಂದರೆ ಮಗ ಹೇಳಿದೊಡನೆ ಕಟ್ ಮಾಡಿ ತಾಯಿಯ ಮುಖಕ್ಕೆ ಹೋಗಬಹುದು ಎಂದುಕೊಂಡು. ಒಂದೇ ಟೇಕ್‌ನಲ್ಲಿ ಛಾಯಾಗ್ರಾಹಕ ಮಗನ ಮುಂದೆ ಹಿಮ್ಮುಖವಾಗಿ ನಡೆಯುತ್ತಿರುತ್ತಾನೆ, ತಾಯಿ ಕ್ಯಾಮೆರಾದ ಬೆನ್ನಿಗಿರುತ್ತಾಳೆ. ನಮ್ಮ ಕಡೆಯ ಬಾಗಿಲು ಕಿರಿದು, ಹೊಸ್ತಿಲು ಎತ್ತರ. ಅವನು ಹಿಂದೆ ಕಾಲೆತ್ತಿ ದಾಟುವುದು, ಮಗ ತಲೆ ಬಗ್ಗಿಸುವುದು, ಕ್ಯಾಮೆರಾ ತಾಯಿಯತ್ತ ತಿರುಗಬೇಕಾದದ್ದು, ಇಡೀ ದೃಶ್ಯದ ಮುಖ್ಯ ಮಾತು, ಈ ನಾಲ್ಕೂ ಒಂದೇ ಕ್ಷಣಕ್ಕೆ ಬಿದ್ದಿದ್ದವು. ಅದೂ ಮೂರನೆಯ ನಿಮಿಷದಲ್ಲಿ, ಆದ್ದರಿಂದ ಅಲ್ಲಿ ಎಡವಿದರೆ ಹಿಂದಿನದೆಲ್ಲವೂ ವ್ಯರ್ಥವಾಗುತ್ತಿತ್ತು.

ಮರುದಿನ ದೃಶ್ಯವನ್ನೇ ತಿರುಗಿಸಿ ಬರೆದೆ. ತಾಯಿ ಮೊದಲಿನಿಂದಲೇ ಜಗಲಿಯಲ್ಲಿ ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುತ್ತಾ ಕುಳಿತಿರುತ್ತಾಳೆ. ಅಡುಗೆಮನೆಯಲ್ಲಿ ನೀರು ಕುಡಿದ ಮಗ ಮಾತಿಲ್ಲದೆ ಹೊಸ್ತಿಲು ದಾಟುತ್ತಾನೆ, ಅದೂ 40ನೆಯ ಸೆಕೆಂಡಿನೊಳಗೆ. ಅಲ್ಲಿ ತಪ್ಪಿದರೆ ಕಳೆದುಕೊಳ್ಳುವುದು ಆ 40 ಸೆಕೆಂಡು ಮಾತ್ರ. ಒಳಗಿನ ಕತ್ತಲಿನಿಂದ ಹೊರಬೆಳಕಿಗೆ ಬರುವಾಗ ಲೆನ್ಸಿನ ಐರಿಸ್ ಬದಲಿಸುವುದಕ್ಕೂ ಆ ಮೌನ ಒದಗಿತು. ಅಡುಗೆಮನೆಯ ಮಾತುಗಳಲ್ಲಿ ಅರ್ಧ ಜಗಲಿಗೆ ಬಂದವು, ಅರ್ಧ ಹೋದವು. ಮಗ ಕಂಬಕ್ಕೆ ಒರಗಿ ಕುಳಿತ ಮೇಲೆ ಆ ಮಾತು ಹೇಳುತ್ತಾನೆ, ಅಡಿಕೆ ಸುಲಿಯುವ ಸದ್ದು ನಿಲ್ಲುತ್ತದೆ. ಆ ನಿಲುಗಡೆಯೇ ತಾಯಿಯ ಪ್ರತಿಕ್ರಿಯೆ, ಛಾಯಾಗ್ರಾಹಕನಿಗೆ ತಿರುಗುವ ಕ್ಯೂ ಕೂಡ ಅದೇ.

ಹಾಗಾಗಿ ಎಷ್ಟು ದಿನ ಬಾಯಿಪಾಠ ಎಂಬ ನಿಮ್ಮ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಸಂಭಾಷಣೆ ಬದಲಿಸಲಾರೆ ಎನ್ನುವುದಾದರೆ ದೃಶ್ಯವನ್ನು ಕಟ್ ಮಾಡಿಯೇ ತೆಗೆಯಿರಿ. ಬದಲಿಸುವಿರಾದರೆ, ಮೊದಲು ಖಾಲಿ ಕೈಯ ಛಾಯಾಗ್ರಾಹಕನನ್ನು ನಟರ ಜೊತೆ ನಡೆಸಿ, ಯಾವ ಮಾತು ಯಾವ ಹೆಜ್ಜೆಗೆ ಬೀಳುತ್ತದೆ ಎಂದು ನೋಡಿ ತಿದ್ದಿರಿ. ನಟರಿಗೆ ಕಲಿಸಬೇಕಾದದ್ದು ಆ ಜೋಡಿಯನ್ನು. ನಿಲ್ಲುವ ಜಾಗ ಗುರುತಿಸಲು ಸೆಗಣಿ ಸಾರಿಸಿದ ನೆಲಕ್ಕೆ ಟೇಪ್ ಅಂಟಲಿಲ್ಲ, ಸೀಮೆಸುಣ್ಣ ಕಣ್ಣಿಗೆ ಹೊಡೆಯುತ್ತಿತ್ತು. ಕೊನೆಗೆ ಮಗನ ಕಾಲಿಗೆ ತಾಗುವಂತೆ ಅಡಿಕೆ ಸಿಪ್ಪೆ ಇಟ್ಟೆವು. ಎರಡನೆಯ ಸಂಜೆಯ ಎರಡನೆಯ ಟೇಕ್ ಚಿತ್ರದಲ್ಲಿದೆ.