ಆಮದು ಯಂತ್ರದ ನಿಜವಾದ ಖರ್ಚು ಎಷ್ಟು?

ಪ್ರಶ್ನೆ: ಪಣಂಬೂರು ಬಂದರಿಗೆ 5 ಗೋಡಂಬಿ ಯಂತ್ರ ತರಿಸ್ತಿದ್ದೇನೆ. ಇನ್‌ವಾಯ್ಸ್ 10 ಲಕ್ಷ ಎಫ್‌ಒಬಿ, ಅಂದರೆ ಹಡಗು ಬಾಡಿಗೆ, ವಿಮೆ ಸೇರಿಲ್ಲ. ಬೈಕಂಪಾಡಿ ಗೋಡೌನಿಗೆ ಬರುವಾಗ ಒಂದಕ್ಕೆ ಎಷ್ಟು ಬೀಳುತ್ತದೆ?

ಸುಂಕವನ್ನು ಇನ್‌ವಾಯ್ಸ್ ಮೇಲೆ ಮಾತ್ರ ಲೆಕ್ಕ ಹಾಕಬೇಡಿ. ಹಡಗು ಬಾಡಿಗೆ 90,000, ವಿಮೆ 10,000 ಎಂದಿಟ್ಟುಕೊಳ್ಳಿ. ಇವನ್ನೂ ಸೇರಿಸಿದ 11,00,000ದ ಮೇಲೆ ಸುಂಕ ಬೀಳುತ್ತದೆ. ವಿಮೆಯ ಕಾಗದ ತಪ್ಪದೆ ಇಟ್ಟುಕೊಳ್ಳಿ. ವಿಮೆಯ ಮೊತ್ತ ಗೊತ್ತಾಗದಿದ್ದರೆ ಕಸ್ಟಮ್ಸ್‌ನವರು ಎಫ್‌ಒಬಿಯ 1.125% ಹಿಡಿಯುತ್ತಾರೆ.

ಮೂಲ ಸುಂಕ 7.5% ಇದ್ದರೆ 82,500. ಆ ಸುಂಕದ 10% ಸಮಾಜ ಕಲ್ಯಾಣ ಸರ್‌ಚಾರ್ಜ್, 8,250. ಒಟ್ಟು 11,90,750. ನಿಮ್ಮ ಯಂತ್ರದ ದರವನ್ನು ಎಚ್‌ಎಸ್ ಕೋಡ್ ನೋಡಿ ಹಾಕಿ.

ಇದರ ಮೇಲೆ 18% ಐಜಿಎಸ್‌ಟಿ, 2,14,335. ಕಟ್ಟಲೇಬೇಕು, ಆದರೆ ಇನ್‌ಪುಟ್ ಕ್ರೆಡಿಟ್ ಸಿಗುವುದಾದರೆ ಖರ್ಚಿಗೆ ಸೇರಿಸಬಾರದು. ಹೆಚ್ಚಿನವರು ಎಡವುವುದು ಇಲ್ಲೇ! ಜಿಎಸ್‌ಟಿಯ ಕಾಂಪೋಸಿಶನ್ ಸ್ಕೀಮಿನಲ್ಲಿದ್ದರೆ ಕ್ರೆಡಿಟ್ ಇಲ್ಲ, ಆಗ ಅದೂ ಖರ್ಚೇ ಅಲ್ವಾ?

ಕೊನೆಗೆ ಕ್ಲಿಯರಿಂಗ್ ಏಜೆಂಟ್, ಬಂದರಿನ ಶುಲ್ಕ, ಲಾರಿ ಸೇರಿ 40,000. ಇದಕ್ಕೆ ಸುಂಕವಿಲ್ಲ, ಸುಮ್ನೆ ಕೂಡಿಸಿದರಾಯಿತು. ಐಜಿಎಸ್‌ಟಿ ಬಿಟ್ಟು ಒಟ್ಟು 12,30,750, ಅಂದರೆ ಒಂದು ಯಂತ್ರಕ್ಕೆ 2,46,150. ಕಂಟೇನರ್ ಬಿಡಿಸಲು ತಡವಾದರೆ ಡಿಮರೇಜ್ ಬೇರೆ ಬೀಳುತ್ತದೆ.

ಡಾಲರ್ ಬಿಲ್ಲಾದರೆ ಸುಂಕಕ್ಕೆ ಬ್ಯಾಂಕಿನ ದರ ನಡೆಯುವುದಿಲ್ಲ, ಕಸ್ಟಮ್ಸ್ ಪ್ರಕಟಿಸಿದ ದರವೇ ಬೇಕು.